ಕೋರಿಕೆ ಮೊದಲು, ವಿವರ ಆಮೇಲೆ

ಕಂಪನಿಯೊಂದರ ಕಿರಿಯ ವಿಶ್ಲೇಷಕಿ ಉಪಾಧ್ಯಕ್ಷರಿಗೆ ಇಮೇಲ್ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಮಾಹಿತಿ ಕಲೆಹಾಕಿದ ಬಗೆ, ಪರಿಶೀಲಿಸಿದ ಕ್ರಮ, ಬಿಡುವಿಲ್ಲದವರಿಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ, ಹೀಗೆ ನಾಲ್ಕು ಪ್ಯಾರಾ. ವರದಿ ಮೂರು ದಿನ ತಡವಾಗಬಹುದೇ ಎಂಬ ಪ್ರಶ್ನೆ ಕೊನೆಯ ಸಾಲಿನಲ್ಲಿದೆ. ಮೊಬೈಲ್‌ನಲ್ಲಿ ಓದುವ ಹಿರಿಯರು ಅಲ್ಲಿಗೆ ತಲುಪುವುದೇ ಇಲ್ಲ.

ತಿದ್ದುವಾಗ ಮೊದಲು ಆ ಕೊನೆಯ ಸಾಲನ್ನು ಮೇಲಕ್ಕೆ ತನ್ನಿ. ವಿಷಯದ ಸಾಲಿನಲ್ಲೂ ಅದೇ ಇರಲಿ: ‘ಮಾರಾಟ ವರದಿ ಗುರುವಾರಕ್ಕೆ: ಒಪ್ಪಿಗೆ ಕೋರಿ’. ಪತ್ರ ಹೀಗಾಗುತ್ತದೆ:

“ನಮಸ್ಕಾರ ಸರ್. ಮಾರಾಟ ವರದಿಯನ್ನು ಸೋಮವಾರದ ಬದಲು ಗುರುವಾರ ಸಲ್ಲಿಸಲು ನಿಮ್ಮ ಒಪ್ಪಿಗೆ ಕೋರುತ್ತೇನೆ. ಹುಬ್ಬಳ್ಳಿ ಶಾಖೆಯ ಕೆಲವು ಬಿಲ್‌ಗಳು ಎರಡು ಸಲ ದಾಖಲಾಗಿವೆ. ಸರಿಪಡಿಸದಿದ್ದರೆ ಒಟ್ಟು ಮಾರಾಟ ಸುಮಾರು ಶೇ 4ರಷ್ಟು ಹೆಚ್ಚು ಕಾಣುತ್ತದೆ. ಸೋಮವಾರವೇ ಬೇಕಿದ್ದರೆ ಹುಬ್ಬಳ್ಳಿ ಬಿಟ್ಟು ಉಳಿದ ಶಾಖೆಗಳ ವರದಿ ಕೊಡಬಲ್ಲೆ. ಶುಕ್ರವಾರ ಸಂಜೆಯೊಳಗೆ ದಯವಿಟ್ಟು ತಿಳಿಸಿ. ವಿವರ ಲಗತ್ತಿಸಿದ್ದೇನೆ.”

ಇಲ್ಲಿ ಗೌರವ ಇರುವುದು ಕ್ಷಮೆಯ ಮಾತುಗಳಲ್ಲಲ್ಲ. ‘ಕೋರುತ್ತೇನೆ’ ಎಂಬ ಧಾಟಿಯಲ್ಲಿ, ತೀರ್ಮಾನವನ್ನು ಹಿರಿಯರಿಗೇ ಬಿಟ್ಟು ಎರಡು ದಾರಿ ಮುಂದಿಟ್ಟದ್ದರಲ್ಲಿ.

ಮೊಟಕು ಮಾಡುವ ಭರದಲ್ಲಿ ಕಾರಣವನ್ನೇ ಕತ್ತರಿಸುವುದು ಸಾಮಾನ್ಯ ತಪ್ಪು. ಶೇ 4ರ ಮಾತು ಹೋದರೆ, ‘ಯಾಕೆ ತಡ?’ ಎಂಬ ಮರುಪತ್ರ ಬರುತ್ತದೆ. ಕಳಿಸುವ ಮುನ್ನ ವಿಷಯದ ಸಾಲು ಮತ್ತು ಮೊದಲೆರಡು ವಾಕ್ಯಗಳನ್ನಷ್ಟೇ ಸಹೋದ್ಯೋಗಿಗೆ ತೋರಿಸಿ. ಏನು ಕೇಳಿದ್ದೀರಿ, ಯಾಕೆ ಎಂದು ಅವರು ಹೇಳಬಲ್ಲರಾದರೆ ಪತ್ರ ಸಿದ್ಧ.