ಜರಿ, ಸಾವಿರಕಾಲು ಹುಳು ಮತ್ತು ಬಚ್ಚಲಿನ ತೇವ

ಮಳೆಗಾಲ ಹಿಡಿದುಕೊಂಡ ಮೇಲೆ ಬಚ್ಚಲಿನ ಮೂಲೆಯಲ್ಲಿ, ಹಿತ್ತಲಿನ ಹೂಕುಂಡದ ಅಡಿಯಲ್ಲಿ ಎರಡು ಬಗೆಯ ಬಹುಕಾಲಿನ ಜೀವಿಗಳು ಕಾಣಿಸಿಕೊಳ್ಳುತ್ತವೆ. ಒಂದು ಜರಿ, ಅಂದರೆ ಶತಪದಿ. ಇನ್ನೊಂದು ಸಾವಿರಕಾಲು ಹುಳು, ಅಂದರೆ ಸಹಸ್ರಪದಿ. ಎರಡನ್ನೂ ಒಂದೇ ಎಂದು ತಿಳಿದು ಒಂದೇ ರೀತಿ ಹೆದರುವವರು ಬಹಳ. ಆದರೆ ಇವು ಮಾಡುವ ತೊಂದರೆ ಬೇರೆ, ಅದಕ್ಕೆ ಮಾಡಬೇಕಾದ ಉಪಚಾರವೂ ಬೇರೆ.

ಇವನ್ನು ಗುರುತಿಸುವುದು ಸುಲಭ. ಜರಿಯ ಮೈ ಚಪ್ಪಟೆ. ಮೈಯ ಒಂದೊಂದು ಗೆಣ್ಣಿಗೂ ಒಂದೊಂದು ಜೊತೆ ಕಾಲು ಇದ್ದು, ಅವು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಬೆಳಕು ಬಿದ್ದ ಕೂಡಲೇ ಸರಸರನೆ ಓಡಿ ಸಂದಿಗೆ ಸೇರಿಕೊಳ್ಳುತ್ತದೆ. ಸಾವಿರಕಾಲು ಹುಳುವಿನ ಮೈ ಸಾಮಾನ್ಯವಾಗಿ ಗುಂಡಗಿದ್ದು, ಹೆಚ್ಚಿನ ಗೆಣ್ಣುಗಳಲ್ಲಿ ಎರಡೆರಡು ಜೊತೆ ಕಾಲುಗಳಿರುತ್ತವೆ. ಅದರ ನಡಿಗೆ ನಿಧಾನ. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಂಡು ಬಿದ್ದಿರುತ್ತದೆ.

ಜರಿ ಬೇಟೆಗಾರ. ಜಿರಳೆ, ಜೇಡ, ಎರೆಹುಳು ಮುಂತಾದವನ್ನು ಹಿಡಿದು ತಿನ್ನುತ್ತದೆ. ತಲೆಯ ಹಿಂದಿನ ಮೊದಲ ಜೊತೆ ಕಾಲುಗಳೇ ಅದಕ್ಕೆ ನಂಜಿನ ಕೊಕ್ಕೆಗಳಾಗಿ ಮಾರ್ಪಟ್ಟಿವೆ. ಹಾಗಾಗಿ ಜರಿ ಕಚ್ಚುತ್ತದೆ ಎಂದು ಹೇಳುವ ರೂಢಿಯಿದ್ದರೂ ಅದು ನಿಜವಾಗಿ ಈ ಕೊಕ್ಕೆಗಳಿಂದ ಚುಚ್ಚುತ್ತದೆ. ಚುಚ್ಚಿದ ಜಾಗದಲ್ಲಿ ಹತ್ತಿರ ಹತ್ತಿರ ಎರಡು ಸಣ್ಣ ತೂತುಗಳು ಕಾಣಬಹುದು. ಬಚ್ಚಲಿನ ಜಾಲರಿಯಿಂದ ಬರುವ ದಾರದಂತಹ ಸಣ್ಣ ಜರಿಗಳ ಕೊಕ್ಕೆ ಮನುಷ್ಯರ ಚರ್ಮವನ್ನು ದಾಟುವುದೇ ಅಪರೂಪ. ತೋಟ, ಕಲ್ಲುರಾಶಿ, ಸೌದೆ ಒಟ್ಟಿದ ಜಾಗಗಳಲ್ಲಿ ಸಿಗುವ ದೊಡ್ಡ ಜರಿಗಳ ವಿಷಯ ಹಾಗಲ್ಲ. ದಕ್ಷಿಣ ಭಾರತದಲ್ಲಿ ಕಾಣುವ, ಕಪ್ಪು ಮತ್ತು ಕಿತ್ತಳೆ ಪಟ್ಟೆಗಳ ದೊಡ್ಡ ಜರಿ ಚುಚ್ಚಿದರೆ ಬೆಂಕಿ ತಗುಲಿದಂತೆ ಉರಿಯುತ್ತದೆ. ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ. ನೋವು ಕೆಲವು ಗಂಟೆಗಳಿಂದ ಒಂದೆರಡು ದಿನ ಉಳಿಯಬಹುದು. ಕೆಲವರಿಗೆ ತಲೆನೋವು, ವಾಕರಿಕೆ ಬರುವುದೂ ಉಂಟು. ಸಾವು ಸಂಭವಿಸಿದ್ದು ಮಾತ್ರ ತೀರಾ ವಿರಳ.

ಜರಿ ಚುಚ್ಚಿದ ಜಾಗವನ್ನು ಮೊದಲು ಸೋಪು ಹಾಕಿ ನೀರಿನಲ್ಲಿ ತೊಳೆಯಬೇಕು. ಬೆರಳಿನಲ್ಲಿ ಉಂಗುರವಿದ್ದರೆ ಊತ ಏರುವ ಮೊದಲೇ ತೆಗೆದುಬಿಡಬೇಕು. ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಕೈ ಅಥವಾ ಕಾಲನ್ನು ಸುಮಾರು 43ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಅದ್ದಿಡುವುದೂ ಹಲವರಿಗೆ ಆರಾಮ ಕೊಡುತ್ತದೆ. ಆದರೆ ನೋಯುತ್ತಿರುವ ಕೈಗೆ ಬಿಸಿಯ ಅಂದಾಜು ಸಿಗುವುದಿಲ್ಲವಾದ್ದರಿಂದ ನೀರನ್ನು ಇನ್ನೊಂದು ಕೈಯಿಂದ ಪರೀಕ್ಷಿಸಬೇಕು. ಚಿಕ್ಕ ಮಕ್ಕಳಿಗೆ ತಣ್ಣನೆಯ ಉಪಚಾರವೇ ಸುರಕ್ಷಿತ. ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಬಾತರೆ, ಮೈತುಂಬ ದದ್ದು ಎದ್ದರೆ, ತಲೆ ಸುತ್ತಿ ಬಿದ್ದರೆ ಅದು ಅಲರ್ಜಿಯ ಲಕ್ಷಣ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ದಿನವಾದ ಮೇಲೂ ಊತ ಏರುತ್ತಲೇ ಇದ್ದರೆ, ಕೀವು ಕಂಡರೆ ಅಥವಾ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಬಹಳ ವರ್ಷಗಳಾಗಿದ್ದರೆ ವೈದ್ಯರನ್ನು ಕಾಣಬೇಕು.

ಸಾವಿರಕಾಲು ಹುಳುವಿಗೆ ನಂಜಿನ ಕೊಕ್ಕೆಯೇ ಇಲ್ಲ. ಕೊಳೆತ ಎಲೆ ತಿಂದು ಬದುಕುವ ಅದು ಮನುಷ್ಯರನ್ನು ಕಚ್ಚುವುದಿಲ್ಲ. ಅಪಾಯ ಬಂದಾಗ ಅನೇಕ ಜಾತಿಗಳು ಮೈಯ ಪಕ್ಕದ ರಂಧ್ರಗಳಿಂದ ಕಟುವಾಸನೆಯ ರಸ ಬಿಡುತ್ತವೆ. ಅದರಲ್ಲಿರುವ ಬೆಂಜೋಕ್ವಿನೋನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿದರೆ ಉರಿಯಾಗಿ, ಕಂದು ಅಥವಾ ನೇರಳೆಗಪ್ಪು ಕಲೆ ಮೂಡುತ್ತದೆ. ಉದಾಹರಣೆಗೆ, ರಾತ್ರಿ ಬಾಗಿಲ ಬಳಿ ಬಿಟ್ಟ ಶೂ ಒಳಗೆ ಹುಳು ಸೇರಿಕೊಂಡಿರುತ್ತದೆ. ಬೆಳಿಗ್ಗೆ ಮಗು ನೋಡದೆ ಕಾಲು ತೂರಿಸುತ್ತದೆ, ಹುಳು ಒಳಗೇ ಅರೆದುಹೋಗುತ್ತದೆ. ಸಂಜೆ ಶೂ ಬಿಚ್ಚಿದಾಗ ಕಾಲ್ಬೆರಳುಗಳು ಕಪ್ಪಾಗಿರುತ್ತವೆ. ಮನೆಯವರು ಸುಟ್ಟ ಗಾಯವೆಂದೋ ರಕ್ತಸಂಚಾರ ನಿಂತಿದೆಯೆಂದೋ ಗಾಬರಿಯಾಗುತ್ತಾರೆ. ಬೆರಳು ಬೆಚ್ಚಗಿದ್ದು, ಸ್ಪರ್ಶಜ್ಞಾನವಿದ್ದು, ಶೂ ಅಥವಾ ಕಾಲುಚೀಲದಲ್ಲಿ ಹುಳುವಿನ ಚೂರು ಸಿಕ್ಕರೆ ಅದು ಬಹುಮಟ್ಟಿಗೆ ಈ ರಸದ ಕಲೆಯೇ. ಕಾರಣ ಹೀಗೆ ಖಚಿತವಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ರಸ ತಾಗಿದ ಕೂಡಲೇ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದರೆ ಉರಿ ಕಡಿಮೆಯಾಗುತ್ತದೆ. ಕಲೆ ಮಾತ್ರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದು ತಾನಾಗಿ ಮಾಸುತ್ತದೆ. ಕಣ್ಣಿಗೆ ಸಿಡಿದರೆ ವಿಷಯ ಗಂಭೀರ. ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರು ಹಾಯಿಸಿ, ಅದೇ ದಿನ ನೇತ್ರವೈದ್ಯರಿಗೆ ತೋರಿಸಬೇಕು.

ಎರಡೂ ಜೀವಿಗಳ ದೌರ್ಬಲ್ಯ ಒಂದೇ. ಅವುಗಳ ಮೈಯಿಂದ ನೀರಿನ ಅಂಶ ಬೇಗ ಆರಿಹೋಗುತ್ತದೆ. ಆದ್ದರಿಂದಲೇ ಅವು ಹಗಲು ತೇವದ ಸಂದಿಗಳಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತವೆ. ಒಣಗಿದ ಕೋಣೆಗೆ ದಾರಿತಪ್ಪಿ ಬಂದ ಸಾವಿರಕಾಲು ಹುಳು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಸಾಯುತ್ತದೆ. ಬಚ್ಚಲಿನಲ್ಲಿ ದಿನವೂ ಹುಳುಗಳು ಕಾಣುತ್ತಿವೆಯೆಂದರೆ ಅಲ್ಲಿ ಆರದ ತೇವವಿದೆ, ಇಲ್ಲವೇ ಹೊರಗಿನಿಂದ ತೆರೆದ ದಾರಿಯಿದೆ ಎಂದರ್ಥ. ಅದನ್ನು ಸರಿಪಡಿಸದೆ ಕೀಟನಾಶಕ ಸಿಂಪಡಿಸಿದರೆ ಎದುರಿಗಿದ್ದವು ಸಾಯುತ್ತವೆ, ತೋಟದಿಂದ ಬೇರೆಯವು ಬರುತ್ತವೆ. ಹುಳು ಓಡಿಸಲೆಂದು ಬ್ಲೀಚಿಂಗ್ ಪುಡಿ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಒಟ್ಟಿಗೆ ಸುರಿಯಲೇಬಾರದು. ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಹಾನಿಕರ.

ನೆಲಮಹಡಿಯ ಬಚ್ಚಲೊಂದರ ಗೋಡೆ ಸದಾ ತಣ್ಣಗೆ, ಮಂಕಾಗಿ ಕಾಣುತ್ತಿದೆ ಎಂದುಕೊಳ್ಳೋಣ. ಗೋಡೆಯ ಮೇಲ್ಮೈ ಒರೆಸಿ, ಒಂದು ಚದರ ಅಡಿಯಷ್ಟು ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಬೇಕು. ಫಾಯಿಲಿನ ಹೊರಮೈಯಲ್ಲಿ ಹನಿ ಕೂತರೆ ತೇವ ಕೋಣೆಯ ಗಾಳಿಯದು. ಸ್ನಾನದ ನಂತರ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್ ಓಡಿಸಿ, ನೆಲದ ನೀರನ್ನು ವೈಪರ್‌ನಿಂದ ಎಳೆದು, ಒದ್ದೆ ಬಟ್ಟೆಯನ್ನು ಹೊರಗೆ ಹಾಕಿದರೆ ಅದು ಬಹುಮಟ್ಟಿಗೆ ಇಳಿಯುತ್ತದೆ. ಹನಿ ಗೋಡೆಯ ಕಡೆಯ ಮೈಯಲ್ಲಿದ್ದರೆ ಗೋಡೆಯೊಳಗಿಂದಲೇ ನೀರು ಜಿನುಗುತ್ತಿದೆ. ಆಗ ರಾತ್ರಿ ಮೋಟರು, ನಲ್ಲಿಗಳನ್ನೆಲ್ಲ ನಿಲ್ಲಿಸಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಮಾಡಿಡಬೇಕು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮೊದಲು ಫ್ಲಶ್ ಟ್ಯಾಂಕ್, ಆಮೇಲೆ ಗೋಡೆಯೊಳಗಿನ ಪೈಪನ್ನು ಪ್ಲಂಬರ್‌ನಿಂದ ನೋಡಿಸಬೇಕು. ಮಟ್ಟ ಇಳಿಯದಿದ್ದರೆ ಟೈಲ್ಸ್ ಸಂದಿಯ ಗ್ರೌಟ್ ಬಿಟ್ಟಿರುವುದು ಅಥವಾ ಹೊರಗಿನ ಮಣ್ಣು ಗೋಡೆಗೆ ಒತ್ತಿಕೊಂಡಿರುವುದು ಕಾರಣವಾಗಿರಬಹುದು.

ಹುಳುಗಳು ನುಸುಳುವ ದಾರಿಗಳಲ್ಲಿ ಮುಖ್ಯವಾದದ್ದು ನೀರು ಹೋಗುವ ಜಾಲರಿ. ಅದರ ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ ಸದಾ ನಿಂತಿರುವ ನೀರೇ ಕೊಳವೆಯ ಕಡೆಯಿಂದ ಬರುವ ವಾಸನೆ ಮತ್ತು ಹುಳುಗಳಿಗೆ ತಡೆ. ಬಳಕೆಯಿಲ್ಲದ ಬಚ್ಚಲಿನಲ್ಲಿ ಈ ನೀರು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿದರೆ ಸಾಕು. ಪೈಪು ಗೋಡೆ ಹೊಕ್ಕ ಜಾಗದ ಬಿರುಕನ್ನು ಸಿಲಿಕೋನ್ ಅಥವಾ ಸಿಮೆಂಟಿನಿಂದ, ಬಾಗಿಲ ಅಡಿಯ ಸಂದನ್ನು ರಬ್ಬರ್ ಪಟ್ಟಿಯಿಂದ ಮುಚ್ಚಬೇಕು.

ತೋಟದಲ್ಲಿ ಇವನ್ನು ಪೂರ್ತಿ ನಿರ್ಮೂಲ ಮಾಡುವ ಅಗತ್ಯವಿಲ್ಲ. ಸಾವಿರಕಾಲು ಹುಳು ತರಗೆಲೆಯನ್ನು ಗೊಬ್ಬರವಾಗಿಸುತ್ತದೆ, ಜರಿ ಕೀಟಗಳನ್ನು ಹತೋಟಿಯಲ್ಲಿಡುತ್ತದೆ. ಅವು ಮನೆಯ ಗೋಡೆಯಿಂದ ದೂರವಿದ್ದರಾಯಿತು. ಗೋಡೆಯ ಬುಡದಿಂದ ಒಂದೆರಡು ಅಡಿ ಅಗಲದ ಜಾಗದಲ್ಲಿ ತರಗೆಲೆ, ಸೌದೆ, ಇಟ್ಟಿಗೆ ರಾಶಿ ಇರದಂತೆ ನೋಡಿಕೊಂಡು ಅಲ್ಲಿ ಜಲ್ಲಿ ಹರಡಬಹುದು. ಕುಂಡಗಳನ್ನು ಸ್ಟ್ಯಾಂಡಿನ ಮೇಲಿಟ್ಟರೆ ಅಡಿಯಲ್ಲಿ ಗಾಳಿಯಾಡುತ್ತದೆ. ಗಿಡಗಳಿಗೆ ಸಂಜೆಯ ಬದಲು ಬೆಳಿಗ್ಗೆ ನೀರು ಹಾಕಿದರೆ ಹುಳುಗಳು ಓಡಾಡುವ ರಾತ್ರಿಯ ಹೊತ್ತಿಗೆ ಮಣ್ಣಿನ ಮೇಲ್ಪದರ ಒಣಗಿರುತ್ತದೆ. ಮಾಡಿನ ನೀರು ಗೋಡೆಯ ಬುಡದಲ್ಲಿ ನಿಲ್ಲದೆ ಹರಿದುಹೋಗುವಂತೆ ಇಳಿಜಾರು ಇರಬೇಕು. ರಾಶಿ ಎತ್ತುವಾಗ ದಪ್ಪ ಕೈಗವಸು ಹಾಕಿಕೊಳ್ಳುವುದು, ಹೊರಗಿಟ್ಟ ಶೂಗಳನ್ನು ಕೊಡವಿ ಹಾಕಿಕೊಳ್ಳುವುದು ಮಳೆಗಾಲ ಮುಗಿಯುವವರೆಗೂ ತಪ್ಪಿಸಬಾರದ ಅಭ್ಯಾಸಗಳು.