ಕಬ್ಬಿನ ಹಾಲಿಗೆ ನಾಲ್ಕು ಲೋಟ ನೀರು

ಚಿಕ್ಕೋಡಿಯಿಂದ ಕಾಗವಾಡದವರೆಗೆ ಬಿಸಿಲು ಏರಿದ ಹೊತ್ತಿನಲ್ಲಿ ಕೆಲಸಗಾರರ ಕಣ್ಣಿಗೆ ಮೊದಲು ಬೀಳುವುದು ಕಬ್ಬಿನ ಹಾಲಿನ ಗಾಣ. ಕಬ್ಬಿನ ಸೀಮೆಯಲ್ಲಿ ಅದು ಸಹಜ. ಲೋಡು ಹೇರುವವರು, ರಸ್ತೆ ಕೆಲಸದವರು ಒಂದು ಲೋಟ ಎತ್ತಿ ಕುಡಿದರೆ ಜೀವ ಬಂದಂತಾಗುತ್ತದೆ. ಆದರೆ ಅರ್ಧ ಗಂಟೆಗೆ ಮತ್ತೆ ಬಾಯಿ ಒಣಗುವುದೂ ಉಂಟು.

ಕಾರಣ ಕರುಳಿನಲ್ಲಿದೆ. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಒಂದು ಪ್ರೋಟೀನು ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿಯೇ ಒಳಗೆಳೆದುಕೊಳ್ಳುತ್ತದೆ. ನೀರು ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಹೀಗಾಗಿ ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು ಇದ್ದರೆ ನೀರು ಬೇಗ ರಕ್ತ ಸೇರುತ್ತದೆ. ಸಕ್ಕರೆ ವಿಪರೀತವಾದರೆ ಆಟ ತಿರುಗುತ್ತದೆ: ಅದನ್ನು ತೆಳುವಾಗಿಸಲು ಕರುಳೇ ಮೈಯೊಳಗಿನ ನೀರನ್ನು ತನ್ನೊಳಕ್ಕೆ ಸೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಹಾಕುತ್ತದೆ. ಕಬ್ಬಿನ ಹಾಲಿನಲ್ಲಿ ಲೀಟರಿಗೆ ಸುಮಾರು 140 ಗ್ರಾಂ ಸಕ್ಕರೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಬಣ್ಣದ ತಂಪು ಪಾನೀಯಗಳ ಕತೆಯೂ ಹೆಚ್ಚುಕಡಿಮೆ ಇದೇ. ಎಳನೀರು ಸಕ್ಕರೆಯಲ್ಲಿ ಮಿತ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರು ಒಯ್ಯುವ ಸೋಡಿಯಂ ಕಡಿಮೆ.

ಹಾಗಂತ ಗಾಣವನ್ನು ಬಿಡಬೇಕಿಲ್ಲ. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು 28 ಗ್ರಾಂ ಸಕ್ಕರೆ ಇದೆಯಲ್ಲ, ಅದನ್ನು ಮನೆಯಿಂದ ತಂದ ನಾಲ್ಕು ಲೋಟ ಶುದ್ಧ ನೀರಿಗೆ ಬೆರೆಸಿ, ಅರ್ಧ ಚಮಚ ಉಪ್ಪು, ಒಂದು ಲಿಂಬೆಹಣ್ಣು ಹಿಂಡಿ. ಮನೆಯಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಮಾಡುವ ಲೀಟರ್ ದ್ರಾವಣಕ್ಕೆ ಇದು ಹತ್ತಿರ ಬರುತ್ತದೆ. ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಸಾಕು. ಬೆವರು ಕಡಿಮೆ ಹರಿಯುವ ಕೆಲಸವಾದರೆ ಇದೂ ಬೇಡ. ರೊಟ್ಟಿ, ಉಪ್ಪಿನಕಾಯಿಯ ಊಟವೂ ನೀರೂ ಇದ್ದರೆ ಆಯಿತು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ವೈದ್ಯರನ್ನು ಕೇಳಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ ಇದಕ್ಕಿಂತ ಸರಳ, ನನ್ನ ಮಟ್ಟಿಗೆ ರುಚಿಯಲ್ಲೂ ಮೇಲು.

ನನ್ನ ಅನುಮಾನ ಹೆಚ್ಚಾಗಿ ಹೋಗುವುದು ಐಸಿನ ಮೇಲೆ. ನೀರನ್ನು ಗಡ್ಡೆ ಕಟ್ಟಿಸಿದರೆ ರೋಗಾಣು ಸಾಯುವುದಿಲ್ಲ, ಕಾದು ಕೂರುತ್ತದೆ. ಮೀನು, ಹಾಲಿನ ಕ್ಯಾನು ತಂಪಿಡುವ ಐಸೂ ತಿನ್ನುವ ಐಸೂ ನೋಡಲು ಒಂದೇ ಥರ. ಗಡಿಯಾಚೆ ಮಹಾರಾಷ್ಟ್ರದಲ್ಲಿ 2018ರಲ್ಲಿ ತಿನ್ನಲಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆದೇಶಿಸಿದ್ದು ಇದಕ್ಕೇ. ಲಿಂಬೆಯ ಹುಳಿ ಇದನ್ನೆಲ್ಲ ಸರಿಮಾಡುತ್ತದೆಂದು ನಂಬಬೇಡಿ. "ಐಸ್ ಬ್ಯಾಡ್ರಿ" ಅನ್ನಿ. ಕಬ್ಬು ತೊಳೆದದ್ದೇ, ಗಾಣಕ್ಕೆ ನೊಣ ಮುತ್ತಿದೆಯೇ, ಲೋಟ ಅದ್ದುವ ಬಕೆಟಿನ ನೀರು ಕದಡಿದೆಯೇ ನೋಡಿ, ಕಣ್ಣೆದುರು ಹಿಂಡಿಸಿಕೊಳ್ಳಿ.

ಮೂತ್ರ ಗಾಢ ಹಳದಿಯಾದರೆ ಕುಡಿದದ್ದು ಸಾಲದೆಂದು ಲೆಕ್ಕ. ಆದರೆ ಜೊತೆಗಾರನ ಮಾತು ತೊದಲಿ, ಮೈ ಸುಡುತ್ತಿದ್ದರೆ ಲೋಟ ಹಿಡಿಸಬೇಡಿ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿಯುತ್ತ, 108ಕ್ಕೆ ಫೋನ್ ಮಾಡಿ.