ಪದವಿ ಒಂದು, ಪರವಾನಗಿ ಇನ್ನೊಂದು

ಸಿಇಟಿ ಮುಗಿದು ಸೀಟು ಆಯ್ಕೆಯ ಸಮಯ ಬಂದಾಗ ಬಿ.ಫಾರ್ಮ ಮತ್ತು ಫಾರ್ಮ.ಡಿ. ಎಂಬ ಎರಡು ಕೋರ್ಸುಗಳು ವಿದ್ಯಾರ್ಥಿಗಳ ಕಣ್ಣಿಗೆ ಬೀಳುತ್ತವೆ. ಮೊದಲನೆಯದು 4 ವರ್ಷದ್ದು, ಎರಡನೆಯದು 6 ವರ್ಷದ್ದು. ನಮ್ಮ ರಾಜ್ಯದಲ್ಲಿ ಫಾರ್ಮಸಿಸ್ಟ್ ಆಗಿ ಹೆಸರು ನೋಂದಾಯಿಸಲು ಎರಡರಲ್ಲಿ ಯಾವುದಾದರೂ ಸಾಕು. ಹೀಗಿರುವಾಗ ಎರಡು ವರ್ಷ ಹೆಚ್ಚು ಓದುವುದೇಕೆ, ಹೆಚ್ಚು ಶುಲ್ಕ ಕಟ್ಟುವುದೇಕೆ ಎಂದು ಪೋಷಕರು ಕೇಳುವುದು ಸಹಜ. ಆದರೆ ಮುಂದೆ ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬೇಕೆಂಬ ಆಸೆ ಇದ್ದರೆ, ಆ ದಾರಿ ತೆರೆದಿರುವುದೋ ಮುಚ್ಚುವುದೋ ಎಂಬುದು ಬಹುಮಟ್ಟಿಗೆ ಈ ಆಯ್ಕೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಕಾರಣ ಸರಳ. ಪದವಿ ಕೊಡುವುದು ವಿಶ್ವವಿದ್ಯಾಲಯ. ವೃತ್ತಿ ನಡೆಸಲು ಅನುಮತಿ ಕೊಡುವುದು ಆಯಾ ದೇಶದ ನೋಂದಣಿ ಮಂಡಳಿ. ವಿದೇಶಿ ಪದವೀಧರರ ಅರ್ಜಿಯನ್ನು ಅಮೆರಿಕದಲ್ಲಿ ಮೊದಲು ಪರಿಶೀಲಿಸುವುದು ಅಲ್ಲಿನ ಫಾರ್ಮಸಿ ಮಂಡಳಿಗಳ ರಾಷ್ಟ್ರೀಯ ಸಂಘ. ಎನ್‌ಎಬಿಪಿ ಎಂಬುದು ಅದರ ಚುಟುಕು ಹೆಸರು. 2003ರ ಜನವರಿ 1ರಂದು ಅಥವಾ ಅನಂತರ ಪದವಿ ಪಡೆದವರು ಕನಿಷ್ಠ 5 ವರ್ಷದ ಫಾರ್ಮಸಿ ಪಠ್ಯಕ್ರಮವನ್ನು ಓದಿರಲೇಬೇಕು ಎಂಬುದು ಅದರ ನಿಯಮ. ಅದಕ್ಕೆ ಮೊದಲು ಪದವಿ ಪಡೆದವರಿಗೆ 4 ವರ್ಷ ಸಾಕಾಗಿತ್ತು.

ಗೊಂದಲ ಹುಟ್ಟುವುದೂ ಇಲ್ಲಿಯೇ. 1998ರಲ್ಲಿ ಬಿ.ಫಾರ್ಮ ಮುಗಿಸಿ ಅಮೆರಿಕಕ್ಕೆ ಹೋಗಿ ನೆಲೆಸಿದ ಸೋದರಮಾವ, 'ನಾನು ಬಂದ ದಾರಿಯಲ್ಲೇ ನೀನೂ ಬಾ' ಎಂದು ಹೇಳಬಹುದು. ಅವರ ಅನುಭವ ಸುಳ್ಳಲ್ಲ. ಅವರ ಕಾಲದ ನಿಯಮ ಇಂದಿನ ವಿದ್ಯಾರ್ಥಿಗೆ ಅನ್ವಯಿಸುವುದಿಲ್ಲ, ಅಷ್ಟೆ.

ಆರು ವರ್ಷ, ಎರಡು ಫಲ

ಹಾಸನದ ಒಂದೇ ಕಾಲೇಜಿನಲ್ಲಿ ಪಿಯುಸಿ ಮುಗಿಸಿದ ಇಬ್ಬರು ಗೆಳತಿಯರನ್ನು ಊಹಿಸಿಕೊಳ್ಳೋಣ. ಮೊದಲನೆಯವಳು 4 ವರ್ಷದ ಬಿ.ಫಾರ್ಮ ಓದಿ, ಮೇಲೆ 2 ವರ್ಷದ ಎಂ.ಫಾರ್ಮ ಮಾಡಿದಳು. ಎರಡನೆಯವಳು ಫಾರ್ಮ.ಡಿ. ಸೇರಿ 5 ವರ್ಷ ಓದಿ, 1 ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಷಿಪ್ ಮುಗಿಸಿದಳು. ಇಬ್ಬರೂ ಓದಿದ್ದು 6 ವರ್ಷವೇ. ಆದರೆ ಮಂಡಳಿ ಎಣಿಸುವುದು ವೃತ್ತಿಗೆ ಪ್ರವೇಶ ಕೊಡುವ ಮೊದಲ ಪದವಿಯ ಅವಧಿಯನ್ನು. ಎಂ.ಫಾರ್ಮದ 2 ವರ್ಷ ಆ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಮೊದಲನೆಯವಳ ಅರ್ಜಿ ಹೊಸ್ತಿಲಲ್ಲೇ ನಿಲ್ಲುತ್ತದೆ, ಎರಡನೆಯವಳದು ಒಳಗೆ ಹೋಗುತ್ತದೆ.

ಒಳಗೆ ಹೋದ ಮೇಲೂ ದಾರಿ ಚಿಕ್ಕದಲ್ಲ. ಮೊದಲು ಅಂಕಪಟ್ಟಿ ಮತ್ತು ಪದವಿಯ ದಾಖಲೆಗಳ ಮೌಲ್ಯಮಾಪನ ಆಗಬೇಕು. ಸ್ವದೇಶದಲ್ಲಿ ಫಾರ್ಮಸಿಸ್ಟ್ ಆಗಿ ನೋಂದಣಿಯಾಗಿರುವುದಕ್ಕೂ ಪುರಾವೆ ಕೊಡಬೇಕು. ಇದಾದ ಬಳಿಕ ಎಫ್‌ಪಿಜಿಇಇ ಎಂಬ ಪರೀಕ್ಷೆ. ಅದರಲ್ಲಿ ಮೂಲವಿಜ್ಞಾನದಿಂದ ರೋಗಿಯ ಔಷಧೋಪಚಾರದವರೆಗೆ ಬಹು ಆಯ್ಕೆಯ 200 ಪ್ರಶ್ನೆಗಳಿರುತ್ತವೆ. ಜೊತೆಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತು, ಬರಹ ಈ ನಾಲ್ಕರಲ್ಲೂ ಪ್ರತ್ಯೇಕವಾಗಿ ನಿಗದಿತ ಅಂಕ ಬರಬೇಕು. ಮಾತಿನ ಭಾಗಕ್ಕೆ ಬಹುಕಾಲ 30ಕ್ಕೆ 26 ಅಂಕ ಕೇಳಲಾಗುತ್ತಿತ್ತು. ವಿಷಯ ಚೆನ್ನಾಗಿ ಬಲ್ಲವರೂ ಇಲ್ಲಿ ತಡವರಿಸುವುದುಂಟು. ಏಕೆಂದರೆ ಒಂದರಲ್ಲಿ ಹೆಚ್ಚು ಪಡೆದು ಇನ್ನೊಂದರ ಕೊರತೆ ತುಂಬಿಕೊಳ್ಳುವಂತಿಲ್ಲ.

ಇಷ್ಟು ಗೆದ್ದವರಿಗೆ ಸಿಗುವುದು ಎಫ್‌ಪಿಜಿಇಸಿ ಎಂಬ ಪ್ರಮಾಣಪತ್ರ. ಇದನ್ನೇ ಪರವಾನಗಿ ಎಂದು ತಿಳಿಯುವವರಿದ್ದಾರೆ. ಅದು ತಪ್ಪು. ಈ ಪತ್ರ ಹಿಡಿದು ತಾವು ಕೆಲಸ ಮಾಡಬಯಸುವ ಸಂಸ್ಥಾನದ ಮಂಡಳಿಗೆ ಹೋಗಿ, ಇಂಟರ್ನ್ ಆಗಿ ಹೆಸರು ಬರೆಸಿ, ನೋಂದಾಯಿತ ಫಾರ್ಮಸಿಸ್ಟರ ಕೈಕೆಳಗೆ ನಿಗದಿತ ಗಂಟೆಗಳ ಕೆಲಸ ಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದು 1,500 ಗಂಟೆ. ವಾರಕ್ಕೆ 40 ಗಂಟೆಯಂತೆ ಮಾಡಿದರೂ ಒಂಬತ್ತು ತಿಂಗಳ ದುಡಿಮೆ. ಕೊನೆಯಲ್ಲಿ ನ್ಯಾಪ್ಲೆಕ್ಸ್ ಎಂಬ ವೃತ್ತಿ ಪರೀಕ್ಷೆ ಮತ್ತು ಔಷಧ ಕಾನೂನಿನ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಆಗ ಮಾತ್ರ ಪರವಾನಗಿ. ಪಯಣಕ್ಕೆ ಬೇಕಾದ ವೀಸಾ ಇದರಿಂದ ಬೇರೆಯೇ ಆದ ವಿಷಯ.

ಹಾಗಾದರೆ ಬಿ.ಫಾರ್ಮ ಓದಿದವಳ ಗತಿ ಏನು? ಅವಳು ಕೆನಡಾದ ಕಡೆ ನೋಡಬಹುದು. ಅಲ್ಲಿನ ಫಾರ್ಮಸಿ ಪರೀಕ್ಷಾ ಮಂಡಳಿ 4 ವರ್ಷದ ಬಿ.ಫಾರ್ಮ ಪದವೀಧರರ ಅರ್ಜಿಯನ್ನು ಪರಿಶೀಲನೆಗೆ ಸ್ವೀಕರಿಸುತ್ತದೆ. ದಾಖಲೆ ಪರಿಶೀಲನೆ, ಮೌಲ್ಯಮಾಪನ ಪರೀಕ್ಷೆ, ಅನಂತರ ಎರಡು ಭಾಗಗಳ ಅರ್ಹತಾ ಪರೀಕ್ಷೆ ಎಂಬುದು ಅಲ್ಲಿನ ಕ್ರಮ. ಅರ್ಹತಾ ಪರೀಕ್ಷೆಯ ಎರಡನೆಯ ಭಾಗದ ಸ್ವರೂಪ ಬೇರೆ. ಅಭ್ಯರ್ಥಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ, ರೋಗಿಯ ಪಾತ್ರ ವಹಿಸಿದವರೊಂದಿಗೆ ಮಾತಾಡಿ ಸಮಸ್ಯೆ ಬಿಡಿಸಬೇಕು. ಅದೂ ಮುಗಿದ ಮೇಲೆ ಆಯಾ ಪ್ರಾಂತ್ಯದ ನೋಂದಣಿ ಬಾಕಿ ಇರುತ್ತದೆ. ಒಂದೇ ಪದವಿಗೆ ಒಂದು ದೇಶ ಬಾಗಿಲು ಹಾಕುತ್ತದೆ, ಪಕ್ಕದ ದೇಶ ತೆರೆಯುತ್ತದೆ.

ಅವಧಿಯಲ್ಲ, ಒಳಗಿನ ತಿರುಳು

ಫಿಸಿಯೋಥೆರಪಿ ಮತ್ತು ಪ್ರಯೋಗಾಲಯ ತಂತ್ರಜ್ಞಾನ ಓದಿದವರಿಗೆ ಅಳತೆಗೋಲು ಬೇರೆ. ಬ್ರಿಟನ್ನಿನಲ್ಲಿ ಈ ಎರಡೂ ವೃತ್ತಿಗಳನ್ನು ಎಚ್‌ಸಿಪಿಸಿ ಎಂಬ ಒಂದೇ ಮಂಡಳಿ ನೋಡಿಕೊಳ್ಳುತ್ತದೆ. 'ಫಿಸಿಯೋಥೆರಪಿಸ್ಟ್' ಮತ್ತು 'ಬಯೋಮೆಡಿಕಲ್ ಸೈಂಟಿಸ್ಟ್' ಎಂಬ ಹೆಸರುಗಳು ಅಲ್ಲಿ ಕಾನೂನಿನ ರಕ್ಷಣೆಯಲ್ಲಿವೆ. ನೋಂದಣಿ ಇಲ್ಲದೆ ಅವನ್ನು ಬಳಸುವುದು ಅಪರಾಧ. ಆ ಮಂಡಳಿ ಅಭ್ಯರ್ಥಿ ಏನೇನು ಕಲಿತಿದ್ದಾನೆ ಎಂಬುದನ್ನು ತನ್ನ ಮಾನದಂಡಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸುತ್ತದೆ. ಕೊರತೆ ಕಂಡಲ್ಲಿ, ಪದವಿಯ ನಂತರದ ಕೆಲಸದ ಅನುಭವ ಅದನ್ನು ತುಂಬುತ್ತದೆಯೇ ಎಂದೂ ನೋಡುತ್ತದೆ.

ಆದ್ದರಿಂದ ಬಿ.ಪಿ.ಟಿ. ಪದವೀಧರ ಬರೀ ಅಂಕಪಟ್ಟಿ ಕಳಿಸಿದರೆ ಸಾಲದು. ಯಾವ ವಿಷಯವನ್ನು ಎಷ್ಟು ಗಂಟೆ ಓದಿದ, ಮೂಳೆ, ನರ, ಶ್ವಾಸಕೋಶ ವಿಭಾಗಗಳಲ್ಲಿ ಎಷ್ಟೆಷ್ಟು ದಿನ ರೋಗಿಗಳನ್ನು ನೋಡಿದ ಎಂಬ ವಿವರ ಬೇಕಾಗುತ್ತದೆ. ಲ್ಯಾಬಿನಲ್ಲಿ ಐದು ವರ್ಷ ದುಡಿದವರು 'ಕೆಲಸ ಮಾಡಿದ್ದಾರೆ' ಎಂಬ ಒಂದು ಸಾಲಿನ ಪತ್ರ ತಂದರೆ ಅದು ಹೆಚ್ಚೇನೂ ಹೇಳುವುದಿಲ್ಲ. ಯಾವ ಯಾವ ಪರೀಕ್ಷೆ ಮಾಡಿದರು, ಫಲಿತಾಂಶದ ಗುಣಮಟ್ಟವನ್ನು ಹೇಗೆ ತಾಳೆ ನೋಡುತ್ತಿದ್ದರು ಎಂದು ಬರೆಸಿಕೊಂಡ ಪತ್ರಕ್ಕೆ ಬೆಲೆ. ಕೆಲಸ ಬಿಟ್ಟು ಹಲವು ವರ್ಷಗಳಾದ ಮೇಲೆ ಇಂಥ ಪತ್ರ ಪಡೆಯುವುದು ಕಷ್ಟ. ಬಿಡುವ ದಿನವೇ ಕೇಳಿ ಪಡೆಯಬೇಕು.

ಕಾಗದಗಳ ತೊಡಕು

ಬಿ.ಫಾರ್ಮ ಅಥವಾ ಫಾರ್ಮ.ಡಿ. ಮುಗಿಸಿ ನೇರವಾಗಿ ಔಷಧ ಕಾರ್ಖಾನೆಗೆ ಸೇರಿದವರಲ್ಲಿ ಕೆಲವರು ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ಬರೆಸುವುದೇ ಇಲ್ಲ. ಕಾರ್ಖಾನೆಯ ಕೆಲಸಕ್ಕೆ ಅದು ಬೇಕಿಲ್ಲ, ನಿಜ. ಆದರೆ ಅಮೆರಿಕದ ಅರ್ಜಿಗೆ ನೋಂದಣಿಯ ಪುರಾವೆ ಬೇಕೆಂದಾಗ ಓಡಾಟ ಶುರುವಾಗುತ್ತದೆ.

ಇನ್ನೊಂದು ತೊಡಕು ನಮ್ಮ ಹೆಸರುಗಳದ್ದೇ. ಹಲವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಊರಿನ ಮತ್ತು ತಂದೆಯ ಮೊದಲಕ್ಷರ ಮಾತ್ರ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಅಕ್ಷರ ಬಿಡಿಸಿಕೊಂಡು ತಂದೆಯ ಪೂರ್ತಿ ಹೆಸರಾಗುತ್ತದೆ. ಪದವಿ ಪತ್ರದಲ್ಲಿ ಮೂರನೆಯ ರೂಪ ಇರಬಹುದು. ಇಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಹೊರದೇಶದ ಗುಮಾಸ್ತನಿಗೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಕೋರ್ಸು ಸೇರುವಾಗಲೇ ಎಲ್ಲ ದಾಖಲೆಗಳಲ್ಲಿ ಒಂದೇ ರೂಪದ ಹೆಸರು ಇರುವಂತೆ ನೋಡಿಕೊಂಡರೆ ಮುಂದೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಔಷಧ ತಯಾರಿಕೆಯಲ್ಲೇ ಆಸಕ್ತಿ ಇರುವವನಿಗೆ ಬಿ.ಫಾರ್ಮ ಸಾಕು, ಅವನು ಅಮೆರಿಕದ ನಿಯಮಕ್ಕೆ ಹೆದರಿ ಎರಡು ವರ್ಷದ ಹೆಚ್ಚಿನ ಶುಲ್ಕ ಹೊರಬೇಕಿಲ್ಲ. ಹೊರಗೆ ಹೋಗಿ ರೋಗಿಗಳೆದುರು ಕೆಲಸ ಮಾಡುವ ಇಚ್ಛೆ ಇರುವವರು ಮಾತ್ರ ಸೀಟು ಆರಿಸುವ ಮೊದಲೇ ಆ ದೇಶದ ಮಂಡಳಿಯ ನಿಯಮವನ್ನು ತಾವೇ ಓದಬೇಕು. ಕಾಲೇಜಿನ ಜಾಹೀರಾತು 'ವಿದೇಶದಲ್ಲಿ ಅವಕಾಶ' ಎಂದರೆ ಯಾವ ದೇಶ, ಯಾವ ಮಂಡಳಿ, ಯಾವ ನಿಯಮ ಎಂದು ಪೋಷಕರು ಕೇಳಿ, ಉತ್ತರವನ್ನು ಆ ಮಂಡಳಿಯ ಮಾತಿನೊಂದಿಗೆ ತಾಳೆ ನೋಡಬೇಕು.